ಪೊರೆ ಆಪರೇಷನ್‌: ಎಣಿಕೆಯಿಂದ ವ್ಯಾಪ್ತಿಯ ಕಡೆಗೆ

ಭಾರತದಲ್ಲಿ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮ ಆರಂಭವಾದದ್ದು 1976ರಲ್ಲಿ. ಈ ಕಾರ್ಯಕ್ರಮದ ಸಾಧನೆಯನ್ನು ಹೇಳುವಾಗ ಮೊದಲು ಮುಂದಿಡುವ ಅಂಕಿ, ಒಂದು ವರ್ಷದಲ್ಲಿ ಪ್ರತಿ ಹತ್ತು ಲಕ್ಷ ಜನಸಂಖ್ಯೆಗೆ ಎಷ್ಟು ಪೊರೆ ಶಸ್ತ್ರಚಿಕಿತ್ಸೆಗಳು ನಡೆದವು ಎಂಬುದು. ಇದನ್ನು ಪೊರೆ ಶಸ್ತ್ರಚಿಕಿತ್ಸಾ ದರ ಎನ್ನುತ್ತಾರೆ. ಆಸ್ಪತ್ರೆಯ ದಾಖಲೆಗಳಿಂದಲೇ ಸಿಗುವ ಈ ದರ ಉಪಯುಕ್ತವಾದರೂ ಆಪರೇಷನ್ ಯಾರಿಗೆ ಆಯಿತೆಂಬುದನ್ನು ಅದು ತಿಳಿಸುವುದಿಲ್ಲ. ಪಟ್ಟಣದಲ್ಲಿ ದೃಷ್ಟಿ ತುಸು ಮಂಕಾದವರೊಬ್ಬರ ಎರಡೂ ಕಣ್ಣುಗಳಿಗೆ ಚಿಕಿತ್ಸೆಯಾದರೆ ಲೆಕ್ಕದಲ್ಲಿ ಎರಡು ಸೇರುತ್ತದೆ. ಹಳ್ಳಿಯ ಮನೆಯಲ್ಲಿ ಎರಡೂ ಕಣ್ಣು ಕಾಣದೆ ಕುಳಿತ ವೃದ್ಧೆ ಆ ಲೆಕ್ಕದಲ್ಲಿ ಎಲ್ಲಿಯೂ ಬರುವುದಿಲ್ಲ.

ಆ ವೃದ್ಧೆಯನ್ನೂ ಲೆಕ್ಕಕ್ಕೆ ತರುವ ಅಳತೆಯೇ ಪೊರೆ ಶಸ್ತ್ರಚಿಕಿತ್ಸಾ ವ್ಯಾಪ್ತಿ. ಪೊರೆಯಿಂದಾಗಿ ಎರಡೂ ಕಣ್ಣುಗಳ ದೃಷ್ಟಿ ಒಂದು ಮಿತಿಗಿಂತ ಕುಗ್ಗಿದವರು, ಅಥವಾ ಚಿಕಿತ್ಸೆ ಆಗದಿದ್ದರೆ ಕುಗ್ಗಿರುತ್ತಿದ್ದವರು, ಇವರೆಲ್ಲರಲ್ಲಿ ಕನಿಷ್ಠ ಒಂದು ಕಣ್ಣಿಗಾದರೂ ಶಸ್ತ್ರಚಿಕಿತ್ಸೆ ಪಡೆದವರ ಪ್ರಮಾಣವನ್ನು ಇದು ಹೇಳುತ್ತದೆ. ಮಿತಿ ಯಾವುದೆಂದು ನಮೂದಿಸದ ವ್ಯಾಪ್ತಿಗೆ ಅರ್ಥವಿಲ್ಲ. ಆರೋಗ್ಯವಂತ ಕಣ್ಣು 60 ಮೀಟರ್ ದೂರದಿಂದ ಗುರುತಿಸುವ ಅಕ್ಷರವನ್ನು 3 ಮೀಟರ್‌ನಿಂದಲೂ ಗುರುತಿಸಲಾಗದ ಸ್ಥಿತಿಯನ್ನು, ಅಂದರೆ 3/60ಕ್ಕಿಂತ ಕಡಿಮೆ ದೃಷ್ಟಿಯನ್ನು, ಮಿತಿಯಾಗಿಟ್ಟರೆ ವ್ಯಾಪ್ತಿ ಹೆಚ್ಚೆಂದು ತೋರುತ್ತದೆ. 6/18ನ್ನು ಮಿತಿಯಾಗಿಟ್ಟರೆ ಅದೇ ಜಿಲ್ಲೆಯ ವ್ಯಾಪ್ತಿ ಇಳಿಯುತ್ತದೆ. ಅಂಧತ್ವದ ವ್ಯಾಖ್ಯೆಯನ್ನು ಭಾರತ 2017ರಲ್ಲಿ 6/60ರಿಂದ 3/60ಕ್ಕೆ ಬದಲಿಸಿದ್ದರಿಂದ ಹಳೆಯ ಮತ್ತು ಹೊಸ ಅಂಕಿಗಳನ್ನು ಹೋಲಿಸುವಾಗಲೂ ಇದೇ ಎಚ್ಚರ ಬೇಕು.

ಈ ಮಾಹಿತಿ ಆಸ್ಪತ್ರೆಯಲ್ಲಿ ಸಿಗುವಂಥದ್ದಲ್ಲ, ಮನೆ ಬಾಗಿಲಲ್ಲಿ ಸಿಗುವಂಥದ್ದು. ತಡೆಯಬಹುದಾದ ಅಂಧತ್ವದ ತ್ವರಿತ ಸಮೀಕ್ಷೆ ಎಂಬ ವಿಧಾನದಲ್ಲಿ ಆಯ್ದ ಊರು ಮತ್ತು ಬಡಾವಣೆಗಳಿಗೆ ತಂಡವೊಂದು ಹೋಗಿ, 50 ವರ್ಷ ದಾಟಿದವರನ್ನು ಮಾತ್ರ ಪರೀಕ್ಷಿಸುತ್ತದೆ. ಅಂಧತ್ವದ ಬಹುಪಾಲು ಈ ವಯಸ್ಸಿನವರಲ್ಲೇ ಇರುವುದರಿಂದ ಕೆಲವೇ ಸಾವಿರ ಜನರ ಪರೀಕ್ಷೆ ಸಾಕಾಗುತ್ತದೆ. ಅಂಗಳದಲ್ಲಿ ದೂರವನ್ನು ಹಗ್ಗದಿಂದ ಅಳೆದು, ಓದು ಬಾರದವರಿಗೂ ಅನುಕೂಲವಾಗುವಂತೆ ಇಂಗ್ಲಿಷಿನ ‘ಇ’ ಅಕ್ಷರವನ್ನು ನಾಲ್ಕು ದಿಕ್ಕಿಗೆ ತಿರುಗಿಸಿ ತೋರಿಸಿ, ಅದರ ಬಾಯಿ ಯಾವ ಕಡೆಗಿದೆಯೆಂದು ಕೈಯಿಂದ ತೋರಿಸಲು ಹೇಳುತ್ತಾರೆ. ದೃಷ್ಟಿ ಕಡಿಮೆಯಿದ್ದರೆ ಸೂಜಿರಂಧ್ರದ ಮುಚ್ಚಳವನ್ನಿಟ್ಟು ಮತ್ತೆ ನೋಡುತ್ತಾರೆ. ಆಗ ಸ್ಪಷ್ಟವಾದರೆ ಬೇಕಾಗಿರುವುದು ಕನ್ನಡಕ, ಆಗದಿದ್ದರೆ ಒಳಗೆ ಕತ್ತಲಲ್ಲಿ ಕೂರಿಸಿ ಕಣ್ಣಿನ ಮಸೂರವನ್ನು ಪರೀಕ್ಷಿಸುತ್ತಾರೆ. ಪೊರೆಯಿದ್ದೂ ಚಿಕಿತ್ಸೆ ಪಡೆಯದವರನ್ನು ಕಾರಣ ಕೇಳುವುದು ಈ ಸಮೀಕ್ಷೆಯ ಬಹಳ ಬೆಲೆಯುಳ್ಳ ಭಾಗ, ಏಕೆಂದರೆ ಜೊತೆಗೆ ಬರುವವರಿಲ್ಲ, ಭಯ, ಖರ್ಚು, ಈ ವಯಸ್ಸಿಗೆ ಇಷ್ಟು ಕಂಡರೆ ಸಾಕು ಎಂಬ ಉತ್ತರಗಳಲ್ಲಿ ಒಂದೊಂದಕ್ಕೂ ಬೇರೆ ಬೇರೆ ಪರಿಹಾರ ಬೇಕಾಗುತ್ತದೆ.

ಲೆಕ್ಕದ ರೀತಿಯನ್ನು ಒಂದು ಕಲ್ಪಿತ ಜಿಲ್ಲೆಯಿಂದ ತಿಳಿಯಬಹುದು. ಸಮೀಕ್ಷೆಯಲ್ಲಿ ಎರಡೂ ಕಣ್ಣಿಗೆ ಶಸ್ತ್ರಚಿಕಿತ್ಸೆಯಾದವರು 140, ಒಂದು ಕಣ್ಣಿಗೆ ಆಗಿ ಇನ್ನೊಂದರಲ್ಲಿ ದೃಷ್ಟಿ ಕುಗ್ಗಿದವರು 60, ಎರಡೂ ಕಣ್ಣಲ್ಲಿ ಪೊರೆ ಹಾಗೆಯೇ ಉಳಿದವರು 100 ಮಂದಿ ಸಿಕ್ಕರೆ, 300 ಮಂದಿಯಲ್ಲಿ 200 ಮಂದಿಗೆ, ಅಂದರೆ ಶೇ 67ರಷ್ಟು ಜನರಿಗೆ, ಸೇವೆ ತಲುಪಿದೆ ಎಂದಾಯಿತು. ಇವರಲ್ಲಿ ಪುರುಷರು 140 ಇದ್ದು 105 ಮಂದಿಗೂ, ಮಹಿಳೆಯರು 160 ಇದ್ದು 95 ಮಂದಿಗೂ ಚಿಕಿತ್ಸೆಯಾಗಿದ್ದರೆ, ಪುರುಷರ ವ್ಯಾಪ್ತಿ ಶೇ 75, ಮಹಿಳೆಯರದು ಶೇ 59. ಒಟ್ಟು ಅಂಕಿ ಮುಚ್ಚಿಡುವ ಈ ಅಂತರವೇ ಮುಂದಿನ ವರ್ಷ ವಾಹನ ಯಾವ ಊರಿಗೆ ಹೋಗಬೇಕು, ಯಾರನ್ನು ಕರೆತರಬೇಕು ಎಂಬುದನ್ನು ನಿರ್ಧರಿಸಬೇಕು.

ಇಷ್ಟರಿಂದಲೂ ಚಿತ್ರ ಪೂರ್ಣವಾಗದು. ಭಾರತದ 2015–19ರ ರಾಷ್ಟ್ರೀಯ ಸಮೀಕ್ಷೆಯಲ್ಲಿ 50 ದಾಟಿದವರ ಅಂಧತ್ವದ ಶೇ 66.2ಕ್ಕೆ ಚಿಕಿತ್ಸೆಯಾಗದ ಪೊರೆಯೇ ಕಾರಣವಾಗಿತ್ತು. ಅದರ ನಂತರ ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾ ಬೆಳ್ಳಗಾಗುವುದು, ಕಣ್ಣಿನ ನರವನ್ನು ಹಾಳುಮಾಡುವ ಗ್ಲಾಕೋಮಾ ಮುಂತಾದವು ಬರುತ್ತವೆ. ಆದರೆ ಆ ಪಟ್ಟಿಯಲ್ಲಿ ಪೊರೆ ಶಸ್ತ್ರಚಿಕಿತ್ಸೆಯ ತೊಡಕುಗಳೇ ಶೇ 7.2ರಷ್ಟು ಇದ್ದದ್ದು ಹೆಚ್ಚು ಕಳವಳದ ಸಂಗತಿ.

ಆದುದರಿಂದಲೇ ಪರಿಣಾಮಕಾರಿ ವ್ಯಾಪ್ತಿ ಎಂಬ ಇನ್ನೊಂದು ಅಳತೆ ಬಂದಿದೆ. ಚಿಕಿತ್ಸೆ ಪಡೆದವರಲ್ಲಿ 6/12 ಅಥವಾ ಅದಕ್ಕಿಂತ ಉತ್ತಮ ದೃಷ್ಟಿ ಬಂದವರನ್ನಷ್ಟೇ ಇಲ್ಲಿ ಎಣಿಸಲಾಗುತ್ತದೆ. ಮೇಲಿನ ಜಿಲ್ಲೆಯಲ್ಲಿ ಅಂಥವರು 120 ಮಂದಿಯಾದರೆ, ಶೇ 67 ಎಂದು ಕಂಡದ್ದು ಶೇ 40ಕ್ಕೆ ಇಳಿಯುತ್ತದೆ. ಉಳಿದ 80 ಮಂದಿಯಲ್ಲಿ ಕೆಲವರಿಗೆ ಮೊದಲೇ ಗ್ಲಾಕೋಮಾ ಅಥವಾ ಅಕ್ಷಿಪಟಲದ ಕಾಯಿಲೆ ಇದ್ದಿರಬಹುದು, ಕೆಲವರಿಗೆ ಶಸ್ತ್ರಚಿಕಿತ್ಸೆಯಲ್ಲೇ ತೊಡಕಾಗಿರಬಹುದು, ಇನ್ನು ಕೆಲವರಲ್ಲಿ ಕೃತಕ ಮಸೂರದ ಹಿಂದಿನ ಪೊರೆಚೀಲ ಕಾಲಾನಂತರ ಮಬ್ಬಾಗಿರಬಹುದು. ಕನ್ನಡಕವೊಂದನ್ನು ಕೊಡದೆ ಮನೆಗೆ ಕಳಿಸಿದ್ದೇ ಕಾರಣವಾಗಿರುವುದೂ ಉಂಟು, ಮತ್ತು ಇದರಷ್ಟು ಸುಲಭವಾಗಿ ಸರಿಪಡಿಸಬಹುದಾದ ಲೋಪ ಬೇರೊಂದಿಲ್ಲ.

2021ರಲ್ಲಿ ವಿಶ್ವ ಆರೋಗ್ಯ ಸಭೆಯು 2030ರೊಳಗೆ ಏರಿಸಬೇಕೆಂದು ಒಪ್ಪಿಕೊಂಡದ್ದು ಶಸ್ತ್ರಚಿಕಿತ್ಸೆಗಳ ಸಂಖ್ಯೆಯನ್ನಲ್ಲ, ಈ ಪರಿಣಾಮಕಾರಿ ವ್ಯಾಪ್ತಿಯನ್ನು. ಗುರಿ 30 ಶೇಕಡಾ ಅಂಶಗಳ ಹೆಚ್ಚಳ.