ನಾಲ್ಕು ಅಣು, ಐದು ಲಕ್ಷ ಶರಾವತಿ

ಒಣ ಗಾಳಿಯಿಂದ ಹತ್ತು ಸಾವಿರ ಅಣುಗಳನ್ನು ತೆಗೆದು ಎಣಿಸಿದರೆ ಇಂಗಾಲದ ಡೈಆಕ್ಸೈಡ್ ಸಿಗುವುದು ನಾಲ್ಕೇ ನಾಲ್ಕು. ಕಲ್ಲಿದ್ದಲು ಉರಿಸುವ ಕಾರ್ಖಾನೆಗಳು ಬರುವ ಮೊದಲು ಮೂರೂ ತುಂಬುತ್ತಿರಲಿಲ್ಲ. ಇಷ್ಟು ಚೂರಿನಿಂದ ಇಡೀ ಭೂಮಿ ಬಿಸಿಯಾದೀತೇ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ಆದರೆ ಉಳಿದ ಅಣುಗಳಲ್ಲಿ ಹೆಚ್ಚೂಕಡಿಮೆ ಎಲ್ಲವೂ ಸಾರಜನಕ, ಆಮ್ಲಜನಕ ಮತ್ತು ಆರ್ಗಾನ್. ನೆಲದಿಂದ ಮೇಲೇಳುವ ಅವಕೆಂಪು ಕಿರಣಗಳನ್ನು ಇವು ತಡೆಯುವುದೇ ಇಲ್ಲ. ತಡೆಯುವ ಕೆಲಸವೆಲ್ಲ ನೀರಾವಿ, ಮೋಡ ಮತ್ತು ಈ ಚೂರುಪಾರು ಅನಿಲಗಳದು. ಇವು ಇರದಿದ್ದರೆ, ಈಗಿನಷ್ಟೇ ಬಿಸಿಲು ಹೀರಿಕೊಂಡರೂ ಭೂಮಿಯ ಸರಾಸರಿ ಉಷ್ಣಾಂಶ ಮೈನಸ್ 18 ಡಿಗ್ರಿಯ ಆಸುಪಾಸಿನಲ್ಲಿರುತ್ತಿತ್ತು. ಈಗ ಇರುವುದು 15.

ಹೆಚ್ಚಿದ ಅನಿಲದ ಲೆಕ್ಕ ಹಾಕಲು ಒಂದು ಸರಳ ಸೂತ್ರವಿದೆ:

ΔF = 5.35 × ln(C/C₀)

C₀ ಜಾಗದಲ್ಲಿ ಹಳೆಯ 280 ಪಿಪಿಎಂ, C ಜಾಗದಲ್ಲಿ 420 ಹಾಕಿ. ಬರುವ ಉತ್ತರ ಚದರ ಮೀಟರಿಗೆ ಸುಮಾರು 2.2 ವ್ಯಾಟ್. ಭೂಮಿ ಈಗಾಗಲೇ ಬೆಚ್ಚಗಾಗಿ ಹೆಚ್ಚು ಶಾಖವನ್ನು ಹೊರಗೆ ಬಿಡುತ್ತಿದೆ. ಮೀಥೇನ್‌ನಂಥವು ಸ್ವಲ್ಪ ಸೇರಿಸುತ್ತವೆ, ಹೊಗೆಯ ಕಣಗಳು ಸ್ವಲ್ಪ ಕಳೆಯುತ್ತವೆ. ಎಲ್ಲ ಕೂಡಿ ಕಳೆದು ಉಳಿಯುವುದು ಸುಮಾರು ಒಂದು ವ್ಯಾಟ್.

ಒಂದು ವ್ಯಾಟ್ ಎಂದರೆ ಎಲ್‌ಇಡಿ ರಾತ್ರಿದೀಪಕ್ಕೆ ಆಗುವಷ್ಟು. ಆದರೆ ಭೂಮಿಯ ಮೈ 51 ಕೋಟಿ ಚದರ ಕಿಲೋಮೀಟರ್. ಗುಣಿಸಿದರೆ 51 ಕೋಟಿ ಮೆಗಾವ್ಯಾಟ್. ನಮ್ಮ ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವ್ಯಾಟ್; ಅಂಥ ಸುಮಾರು ಐದು ಲಕ್ಷ ಆಗಾರಗಳು ಹಗಲೂ ರಾತ್ರಿ ನಿಲ್ಲದೆ ಓಡಿದಷ್ಟು ಶಾಖ ಒಳಗೇ ಉಳಿಯುತ್ತಿದೆ. ಅದರಲ್ಲಿ ನೂರಕ್ಕೆ ತೊಂಬತ್ತು ಪಾಲು ಸಮುದ್ರದ ಪಾಲು. ಇಡೀ ವಾಯುಮಂಡಲವನ್ನು ಒಂದು ಡಿಗ್ರಿ ಏರಿಸುವ ಶಾಖದಲ್ಲಿ ಸಮುದ್ರದ ಮೇಲಿನ ಮೂರು-ನಾಲ್ಕು ಮೀಟರ್ ನೀರು ಮಾತ್ರ ಒಂದು ಡಿಗ್ರಿ ಏರೀತು! ಗಾಳಿಯ ಉಷ್ಣಾಂಶವನ್ನಷ್ಟೇ ನೋಡುವವರಿಗೆ ಈ ಲೆಕ್ಕ ಕಾಣಿಸುವುದಿಲ್ಲ.

ಇದು ಸೂರ್ಯನ ಕೆಲಸವಾಗಿರಬಾರದೇಕೆ? ಸೂರ್ಯ ಹೆಚ್ಚು ಉರಿದಿದ್ದರೆ ಮೇಲಿನ ಸ್ತರಗೋಲವೂ ಬಿಸಿಯಾಗಬೇಕಿತ್ತು. ಅಳತೆಗಳು ಹೇಳುವುದು ಬೇರೆ: ಕೆಳಗೆ ಕಾವು ಏರುತ್ತಿದೆ, ಮೇಲೆ ಸ್ತರಗೋಲ ತಣ್ಣಗಾಗುತ್ತಿದೆ.

ಇನ್ನು ಮಿತಿ. ಸೂತ್ರದಲ್ಲಿರುವ ಲಾಗರಿದಮ್ ಗಮನಿಸಿ. 280ರಿಂದ 560ಕ್ಕೆ ಏರಿದಾಗ ಬರುವುದು 3.7 ವ್ಯಾಟ್, ಮತ್ತೆ ಅಷ್ಟೇ ಬರಬೇಕಾದರೆ 1,120 ಮುಟ್ಟಬೇಕು. ಮೇಲೆ ಹೋದಷ್ಟೂ ಪ್ರತಿ ಪಿಪಿಎಂನ ಪರಿಣಾಮ ಕುಗ್ಗುತ್ತದೆ, ಸೊನ್ನೆಯಂತೂ ಆಗುವುದಿಲ್ಲ. ಜೊತೆಗೆ, ಕಾದ ಭೂಮಿ ಹೆಚ್ಚು ಶಾಖ ಹೊರಸೂಸುವುದರಿಂದ, ಬೇರೇನೂ ಬದಲಾಗದಿದ್ದರೆ ಪ್ರಮಾಣ ಇಮ್ಮಡಿಯಾದಾಗ ಏರಿಕೆ ಸುಮಾರು 1.2 ಡಿಗ್ರಿಗೆ ನಿಲ್ಲುತ್ತಿತ್ತು. ಆದರೆ ಬೆಚ್ಚಗಿನ ಗಾಳಿ ಹೆಚ್ಚು ನೀರಾವಿ ಹಿಡಿಯುತ್ತದೆ, ಹಿಮ ಕರಗಿ ಕಪ್ಪು ನೆಲ ತೆರೆದುಕೊಳ್ಳುತ್ತದೆ. ಹಾಗಾಗಿ 2021ರ ಐಪಿಸಿಸಿ ವರದಿ ಕೊಟ್ಟ ಅಂದಾಜು 3 ಡಿಗ್ರಿ, ಆಚೀಚೆ ಎಂದರೆ 2.5ರಿಂದ 4. ಈ ಅಂತರಕ್ಕೆ ಮುಖ್ಯ ಕಾರಣ ಮೋಡಗಳು. ತಗ್ಗಿನ ದಟ್ಟ ಮೋಡ ಬಿಸಿಲನ್ನು ಹಿಂದಕ್ಕೆ ಕಳಿಸಿ ತಂಪು ಮಾಡಿದರೆ ಎತ್ತರದ ತೆಳು ಮೋಡ ಶಾಖ ತಡೆದು ಕಾವು ಕೂಡಿಸುತ್ತದೆ; ಕಾದ ಜಗತ್ತಿನಲ್ಲಿ ಯಾವುದು ಎಷ್ಟು ಉಳಿಯುತ್ತದೆ ಎಂಬ ಲೆಕ್ಕ ಇನ್ನೂ ಪೂರ್ತಿ ಬಗೆಹರಿದಿಲ್ಲ.