ಅಜ್ಜಿಯ ಹುಟ್ಟಿದ ತಾರೀಖು ಯಾರಿಗೆ ಬೇಕು?

ಬೆಂಗಳೂರಿನಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿಯಲ್ಲಿ ಬಾಗೇಪಲ್ಲಿ ದಾಟಿ ಆಂಧ್ರಕ್ಕೆ ಕಾಲಿಟ್ಟರೆ ಕೊಡಿಕೊಂಡದ ಚೆಕ್‌ಪೋಸ್ಟ್ ಸಿಗುತ್ತದೆ. ಲೇಪಾಕ್ಷಿಗೆ, ಹಿಂದೂಪುರಕ್ಕೆ ಹೋಗುವವರು ಇಲ್ಲಿ ಹೆದ್ದಾರಿ ಬಿಟ್ಟು ತಿರುಗುತ್ತಾರೆ. ಕನ್ನಡವೂ ತೆಲುಗೂ ಒಂದೇ ಕಟ್ಟೆಯ ಮೇಲೆ ಕೂತು ಮಾತಾಡುವ ಸೀಮೆ ಇದು. ಈ ಭಾಗದಲ್ಲಿ ನಡೆದ ಕಣ್ಣಿನ ತಪಾಸಣೆ ಶಿಬಿರವೊಂದರಲ್ಲಿ ನಾನು ನೋಂದಣಿ ಮೇಜಿನ ಪಕ್ಕ ಕೂತಿದ್ದೆ. ಹೆಸರು ಬರೆಯುತ್ತಿದ್ದ ಹುಡುಗ ಒಬ್ಬ ಅಜ್ಜಿಯನ್ನು ಕೇಳಿದ.

“ಅಜ್ಜಿ, ಹುಟ್ಟಿದ ತಾರೀಖು ಹೇಳಮ್ಮಾ.”

“ಅದೆಲ್ಲ ಯಾರಿಗ್ ಗೊತ್ತಪ್ಪಾ? ದೊಡ್ಡ ಬರ ಬಂತಲ್ಲ, ಅದರ ಮಾರನೇ ವರ್ಷ ಅಂತ ನಮ್ಮಮ್ಮ ಹೇಳೋಳು.”

“ಅಂದಾಜು ಎಷ್ಟಾಗಿರಬಹುದು?”

“ಅರವತ್ತು ಅಂತ ಹಾಕ್ಕೋ. ಎಪ್ಪತ್ತಾದ್ರೂ ಆಗಿರ್ಬೋದು.”

ಹುಡುಗ ಒಂದು ಕ್ಷಣ ಯೋಚಿಸಿ ಜನವರಿ 1 ಎಂದು ಬರೆದ, ಮುಂದೆ ಒಂದು ಇಸವಿ ಸೇರಿಸಿದ. ಅಜ್ಜಿಗೂ ಗೊತ್ತಿಲ್ಲದ, ಹುಡುಗನಿಗೂ ಗೊತ್ತಿಲ್ಲದ ತಾರೀಖೊಂದು ಹೀಗೆ ಕಾಗದದ ಮೇಲೆ ನಿಜವಾಗಿ ಕೂತಿತು. ಒಳಗಿದ್ದ ವೈದ್ಯರು ಅಜ್ಜಿಯ ಕಣ್ಣು ನೋಡಿದರು, ಪೊರೆ ಬಂದಿದೆ ಎಂದರು. ಆ ತಾರೀಖಿನತ್ತ ಕಣ್ಣೆತ್ತಿಯೂ ನೋಡಲಿಲ್ಲ.

ಅವತ್ತಿನ ಅರ್ಜಿಯಲ್ಲಿ ಹದಿನಾಲ್ಕು ಪ್ರಶ್ನೆಗಳಿದ್ದವು: ಹೆಸರು, ತಂದೆ ಅಥವಾ ಗಂಡನ ಹೆಸರು, ಲಿಂಗ, ಹುಟ್ಟಿದ ತಾರೀಖು, ಜಾತಿ, ಕಸುಬು, ಪೂರ್ತಿ ವಿಳಾಸ, ಜಿಲ್ಲೆ, ಪಿನ್‌ಕೋಡ್, ಮೊಬೈಲ್, ಇನ್ನೊಂದು ಮೊಬೈಲ್, ಇ-ಮೇಲ್, ಆಧಾರ್ ಸಂಖ್ಯೆ, ಇರುವ ಕಾಯಿಲೆಗಳು. ಯಾರೂ ಕೆಟ್ಟ ಉದ್ದೇಶದಿಂದ ಇವನ್ನು ಸೇರಿಸಿರಲಿಲ್ಲ. ಹಳೆಯ ಅರ್ಜಿಯೊಂದನ್ನು ಮುಂದಿಟ್ಟುಕೊಂಡು “ಇದೂ ಇರಲಿ, ಮುಂದೆ ಬೇಕಾದೀತು” ಎಂದು ಒಂದೊಂದಾಗಿ ಕೂಡಿಸಿದ್ದರು. ಹೆಚ್ಚಿನ ಅರ್ಜಿಗಳು ಬೆಳೆಯುವುದೇ ಹೀಗೆ.

ಅರ್ಜಿಯನ್ನು ಇಳಿಸಬೇಕಾದರೆ ಕೊನೆಯಿಂದ ಹಿಂದಕ್ಕೆ ಬರಬೇಕು. ಮೊದಲು ಶಿಬಿರದ ದಿನ ಏನೇನು ನಡೆಯುತ್ತದೆ ಎಂದು ಬರೆದುಕೊಳ್ಳಿ. ಜನ ಸಾಲಿನಲ್ಲಿ ಬರುತ್ತಾರೆ, ಸರದಿಯ ಪ್ರಕಾರ ಕರೆಯಬೇಕು. ವೈದ್ಯರು ಕಣ್ಣು ಪರೀಕ್ಷಿಸುತ್ತಾರೆ. ಕೆಲವರಿಗೆ ಕನ್ನಡಕ ಬೇಕಾಗುತ್ತದೆ, ಕೆಲವರಿಗೆ ಪೊರೆಯ ಶಸ್ತ್ರಚಿಕಿತ್ಸೆ. ಶಸ್ತ್ರಚಿಕಿತ್ಸೆಗೆ ಆಯ್ಕೆಯಾದವರನ್ನು ಇನ್ನೊಂದು ದಿನ ಬಸ್ಸಿನಲ್ಲಿ ಆಸ್ಪತ್ರೆಗೆ ಕಳಿಸಬೇಕು. ಉಳಿದವರು ಮನೆಗೆ ಹೋಗುತ್ತಾರೆ. ಈಗ ಹದಿನಾಲ್ಕು ಪ್ರಶ್ನೆಗಳಲ್ಲಿ ಒಂದೊಂದನ್ನೂ ಹಿಡಿದು ಕೇಳಿ: ಈ ಉತ್ತರವನ್ನು ಯಾರು ಓದುತ್ತಾರೆ, ಯಾವಾಗ ಓದುತ್ತಾರೆ, ಉತ್ತರ ಬೇರೆಯಾಗಿದ್ದರೆ ಅವರು ಮಾಡುವ ಕೆಲಸ ಬೇರೆಯಾಗುತ್ತದೆಯೆ? ಮೂರನೆಯದಕ್ಕೆ “ಇಲ್ಲ” ಎಂದು ಬಂದರೆ ಪ್ರಶ್ನೆಯನ್ನು ಹೊಡೆದು ಹಾಕಬಹುದು.

ಜಾತಿ, ಕಸುಬು, ಇ-ಮೇಲ್ ತಕ್ಷಣ ಬಿದ್ದುಹೋಗುತ್ತವೆ. ಯಾವ ಜಾತಿಯವರ ಪೊರೆಯನ್ನೂ ಬೇರೆ ರೀತಿಯಲ್ಲಿ ತೆಗೆಯುವುದಿಲ್ಲ. ಕಾಯಿಲೆಗಳ ಪ್ರಶ್ನೆ ಅಗತ್ಯವೇ, ಆದರೆ ಅದು ವೈದ್ಯರದು. ಸಕ್ಕರೆ ಕಾಯಿಲೆ ಇದೆಯೇ ಎಂದು ಹತ್ತು ಜನರ ಕಿವಿಗೆ ಬೀಳುವಂತೆ ಮೇಜಿನ ಬಳಿ ಕೇಳುವುದಕ್ಕಿಂತ, ಪರೀಕ್ಷಿಸುವವರೇ ಒಳಗೆ ಕೇಳಿ ತಮ್ಮ ಹಾಳೆಯಲ್ಲಿ ಬರೆದುಕೊಂಡರೆ ಉತ್ತರವೂ ಸರಿಯಾಗಿ ಬರುತ್ತದೆ. “ಎಷ್ಟು ಹೆಂಗಸರು, ಎಷ್ಟು ಗಂಡಸರು ಬಂದರು” ಎಂಬ ವರದಿಗಾಗಿ ಲಿಂಗ ಬೇಕು ಎನ್ನುವುದಾದರೆ, ಬಾಗಿಲಲ್ಲಿ ಒಬ್ಬರು ಹಾಳೆಯೊಂದರ ಮೇಲೆ ಗೀಟು ಎಳೆಯುತ್ತಾ ಹೋದರೆ ಸಾಕು. ಎಣಿಕೆ ಬೇಕಾದಲ್ಲಿ ಎಣಿಕೆಯನ್ನಷ್ಟೇ ಮಾಡಬೇಕು. ಅದನ್ನು ಹೆಸರಿಗೆ ಅಂಟಿಸಬೇಕಾಗಿಲ್ಲ.

ಹುಟ್ಟಿದ ತಾರೀಖಿನ ವಿಷಯದಲ್ಲಿ ಸ್ವಲ್ಪ ನಿಲ್ಲೋಣ. ಅಜ್ಜಿ “ಅರವತ್ತು” ಎಂದದ್ದು ಅವರೊಬ್ಬರ ಮಾತಲ್ಲ. ಜನಗಣತಿಯಲ್ಲಿ ವಯಸ್ಸು ಕೇಳಿದಾಗ ಸೊನ್ನೆ ಅಥವಾ ಐದರಲ್ಲಿ ಮುಗಿಯುವ ಸಂಖ್ಯೆಗಳ ಮೇಲೆ ಉತ್ತರಗಳು ರಾಶಿ ಬೀಳುವುದು ಭಾರತದಲ್ಲಿ ಬಹುಕಾಲದಿಂದ ಕಂಡಿರುವ ಸಂಗತಿ. ಜನಸಂಖ್ಯಾ ವಿಜ್ಞಾನಿಗಳು ಇದನ್ನು ವಿಪ್ಪಲ್ ಸೂಚ್ಯಂಕದಿಂದ ಅಳೆಯುತ್ತಾರೆ. 23ರಿಂದ 62ರವರೆಗಿನ ವಯಸ್ಸಿನವರಲ್ಲಿ ಸೊನ್ನೆ ಮತ್ತು ಐದರಲ್ಲಿ ಮುಗಿಯುವ ವಯಸ್ಸು ಹೇಳಿದವರನ್ನು ಎಣಿಸಿ, ಐದರಿಂದ ಗುಣಿಸಿ, ಒಟ್ಟು ಜನರಿಂದ ಭಾಗಿಸಿ, ನೂರರಿಂದ ಗುಣಿಸಿದರೆ ಸೂಚ್ಯಂಕ ಸಿಗುತ್ತದೆ. ಎಲ್ಲರೂ ನಿಜವಾದ ವಯಸ್ಸು ಹೇಳಿದ್ದರೆ 100ರ ಹತ್ತಿರ, ಎಲ್ಲರೂ ಸೊನ್ನೆ–ಐದಕ್ಕೇ ಅಂಟಿಕೊಂಡಿದ್ದರೆ 500. ವಯಸ್ಸೇ ಅಂದಾಜಾಗಿರುವಲ್ಲಿ ತಾರೀಖು ಕೇಳಿದರೆ ಹೆಚ್ಚಿನ ಮಾಹಿತಿ ಸಿಗುವುದಿಲ್ಲ, ಸುಳ್ಳು ನಿಖರತೆ ಸಿಗುತ್ತದೆ.

ಹಾಗಾದರೆ ಶಿಬಿರಕ್ಕೆ ಎಷ್ಟು ನಿಖರತೆ ಬೇಕು? ಉತ್ತರ ನಮ್ಮ ಮಾತಿನಲ್ಲೇ ಇದೆ. ಹತ್ತಿರದ ಅಕ್ಷರ ಮಸುಕಾದರೆ ನಾವು “ಚಾಳೀಸು ಬಂತು” ಎನ್ನುತ್ತೇವೆ. ಚಾಳೀಸ್ ಎಂದರೆ ನಲವತ್ತು. ಆ ವಯಸ್ಸಿನ ಆಸುಪಾಸಿನಲ್ಲಿ ಕಣ್ಣಿನ ಮಸೂರ ಗಡುಸಾಗಿ ಹತ್ತಿರದ್ದನ್ನು ನೋಡುವ ಶಕ್ತಿ ಕುಗ್ಗುತ್ತದೆ, ಪೊರೆಯ ಸಂಭವ ಅಲ್ಲಿಂದ ಮುಂದೆ ವಯಸ್ಸಿನೊಂದಿಗೆ ಏರುತ್ತದೆ. ಸಾಲನ್ನು ಎರಡು ಮಾಡಲು “ನಲವತ್ತು ದಾಟಿದೆಯೆ?” ಎಂಬ ಒಂದು ಗುರುತು ಸಾಕು. ಅಜ್ಜಿ ಇದಕ್ಕೆ ನಗುನಗುತ್ತಾ ಸತ್ಯವನ್ನೇ ಹೇಳುತ್ತಾರೆ.

ತಾರೀಖನ್ನು ಬಿಡಲು ಇನ್ನೊಂದು ದೊಡ್ಡ ಕಾರಣವಿದೆ. ಹೆಸರು ಅಳಿಸಿದರೂ ಅದು ಮನುಷ್ಯನನ್ನು ಹಿಡಿದುಕೊಡುತ್ತದೆ. ಒಂದು ಪಿನ್‌ಕೋಡಿನಲ್ಲಿ 30,000 ಜನರಿದ್ದಾರೆ ಎಂದುಕೊಳ್ಳಿ. 80 ವರ್ಷ, ವರ್ಷಕ್ಕೆ 365 ದಿನ, ಗಂಡು ಮತ್ತು ಹೆಣ್ಣು: ಒಟ್ಟು 58,400 ಗೂಡುಗಳಾದವು. ಜನರು ಇವುಗಳಲ್ಲಿ ಸಮನಾಗಿ ಹರಡಿದ್ದಾರೆ ಎಂದು ಲೆಕ್ಕ ಹಾಕಿದರೆ ಸುಮಾರು ನೂರಕ್ಕೆ ಅರವತ್ತು ಮಂದಿ ತಮ್ಮ ಗೂಡಿನಲ್ಲಿ ಒಬ್ಬರೇ ಇರುತ್ತಾರೆ. ಪಿನ್‌ಕೋಡ್, ಲಿಂಗ, ಹುಟ್ಟಿದ ತಾರೀಖು ಈ ಮೂರು ಸಿಕ್ಕರೆ ಅವರು ಯಾರೆಂದು ಹುಡುಕಲು ಇನ್ನೇನೂ ಬೇಕಿಲ್ಲ. ಅಮೆರಿಕದಲ್ಲಿ ಲತಾನ್ಯಾ ಸ್ವೀನಿ 2000ದಲ್ಲಿ ಇದೇ ಮೂರು ವಿವರಗಳಿಂದ ಅಲ್ಲಿನ ಶೇ. 87ರಷ್ಟು ಜನರನ್ನು ಗುರುತಿಸಬಹುದು ಎಂದು ಅಂದಾಜಿಸಿದರು. 2006ರ ಇನ್ನೊಂದು ಅಧ್ಯಯನ ಅದನ್ನು ಶೇ. 63ಕ್ಕೆ ಇಳಿಸಿತು. ಹುಟ್ಟಿದ ತಾರೀಖಿನ ಬದಲು “ನಲವತ್ತು ದಾಟಿದೆ, ದಾಟಿಲ್ಲ” ಎಂದಷ್ಟೇ ಬರೆದರೆ, ಲಿಂಗ ಸೇರಿಸಿದರೂ ಗೂಡುಗಳು ನಾಲ್ಕೇ. ಒಂದೊಂದರಲ್ಲಿ ಸಾವಿರಾರು ಜನ ಮರೆಯಾಗಿರುತ್ತಾರೆ.

ಇನ್ನು ಉಳಿಸಿಕೊಳ್ಳಬೇಕಾದ ಪ್ರಶ್ನೆಗಳು. ಅವನ್ನು ಕೇಳುವ ರೀತಿಯೂ ಗಡಿಸೀಮೆಯಲ್ಲಿ ಮುಖ್ಯ. ಹೆಸರಿಗೆ “ಮೊದಲ ಹೆಸರು, ಕೊನೆಯ ಹೆಸರು” ಎಂದು ಎರಡು ಗೂಡು ಮಾಡಿದರೆ ಇಲ್ಲಿ ಕೆಡುತ್ತದೆ. ತೆಲುಗಿನವರು ಇಂಟಿಪೇರನ್ನು ಮೊದಲು ಹೇಳುತ್ತಾರೆ, ನಮ್ಮ ಕಡೆಯವರು ಊರಿನ ಅಥವಾ ತಂದೆಯ ಹೆಸರಿನ ಮೊದಲಕ್ಷರವನ್ನು ಮುಂದಿಡುತ್ತಾರೆ, ಎಷ್ಟೋ ಜನರಿಗೆ ಇರುವುದು ಒಂದೇ ಹೆಸರು. “ಕೂಗಿದರೆ ಓಗೊಡುವ ಹೆಸರು” ಎಂದು ಒಂದು ಉದ್ದ ಗೂಡು ಬಿಡಿ, ಕನ್ನಡದಲ್ಲಾಗಲಿ ತೆಲುಗಿನಲ್ಲಾಗಲಿ ಬರೆಯಲಿ. ಒಂದೇ ಊರಿನಿಂದ ಮೂವರು ನಾರಾಯಣಪ್ಪಂದಿರು ಬಂದರೆ? ಅದಕ್ಕೇ ಟೋಕನ್ ಸಂಖ್ಯೆ. ತಂದೆಯ ಹೆಸರು ಮಾಡುತ್ತಿದ್ದ ಕೆಲಸವನ್ನು ಅದು ಇನ್ನೂ ಚೆನ್ನಾಗಿ ಮಾಡುತ್ತದೆ.

ಜಿಲ್ಲೆ, ತಾಲ್ಲೂಕು ಕೇಳಿದರೆ ಇನ್ನೊಂದು ಗೊಂದಲ. ಆಂಧ್ರದಲ್ಲಿ 1985ರಿಂದ ತಾಲ್ಲೂಕಿನ ಜಾಗಕ್ಕೆ ಮಂಡಲ ಬಂದಿದೆ. ಹಿಂದೂಪುರ, ಲೇಪಾಕ್ಷಿಯ ಸೀಮೆ 2022ರ ಏಪ್ರಿಲ್ 4ರಿಂದ ಶ್ರೀ ಸತ್ಯಸಾಯಿ ಜಿಲ್ಲೆ. ಆದರೂ ಹಿರಿಯರ ಬಾಯಲ್ಲಿ ಎಲ್ಲವೂ ಅನಂತಪುರವೇ. ಊರಿನ ಹೆಸರನ್ನು ಮಾತ್ರ ಕೇಳಿ. ಬಸ್ಸು ಎಲ್ಲಿ ನಿಲ್ಲಬೇಕು ಎಂದು ತಿಳಿಯಲು ಅದೇ ಬೇಕಾದದ್ದು.

ಮೊಬೈಲ್ ಸಂಖ್ಯೆ ಎಲ್ಲರಿಂದಲೂ ಬೇಕೆ? ಕಣ್ಣು ಚೆನ್ನಾಗಿದೆ ಎಂದು ಮನೆಗೆ ಹೋದವರಿಗೆ ಯಾರೂ ಫೋನ್ ಮಾಡುವುದಿಲ್ಲ. ಆದ್ದರಿಂದ ಅದನ್ನು ಒಳಬಾಗಿಲಲ್ಲಿ ಕೇಳದೆ ಹೊರಬಾಗಿಲಲ್ಲಿ, ಶಸ್ತ್ರಚಿಕಿತ್ಸೆಗೆ ಆಯ್ಕೆಯಾದವರಿಂದ ಮಾತ್ರ ಕೇಳಬೇಕು. ಅಲ್ಲಿ ಎರಡನೇ ಚೀಟಿ ಇರಲಿ. ಮೊದಲ ಹಾಳೆಯ ಹೆಸರು, ಊರನ್ನು ಅದಕ್ಕೆ ಇಳಿಸಿಕೊಂಡು ಮೂರು ಪ್ರಶ್ನೆ ಕೇಳಿ: ಫೋನ್ ಸಂಖ್ಯೆ, ಅದು ಯಾರದು, ರೇಷನ್ ಕಾರ್ಡು ಯಾವ ರಾಜ್ಯದ್ದು. ವಯಸ್ಸಾದವರ ಬಳಿ ಫೋನ್ ಇರದೆ ಮಗನದೋ ಪಕ್ಕದ ಮನೆಯದೋ ಕೊಡುವುದರಿಂದ ಎರಡನೆಯ ಪ್ರಶ್ನೆ. ಚಿಕಿತ್ಸೆಯ ಖರ್ಚನ್ನು ಯಾವ ರಾಜ್ಯದ ಯೋಜನೆ ಭರಿಸಬೇಕು, ಅದರಿಂದ ಯಾವ ಕಡೆಯ ಆಸ್ಪತ್ರೆಗೆ ಕಳಿಸಬೇಕು ಎಂಬುದು ಬದಲಾಗುವುದರಿಂದ ಮೂರನೆಯದು. ಕಾರ್ಡಿನ ಸಂಖ್ಯೆ, ಆಧಾರ್ ಸಂಖ್ಯೆ ಶಿಬಿರದ ಮೇಜಿಗೆ ಬೇಡ. ಯೋಜನೆಯಡಿ ಬೇಕಾದರೆ ಆಸ್ಪತ್ರೆಯವರೇ ಅಲ್ಲಿ ನೋಡಿಕೊಳ್ಳುತ್ತಾರೆ. ಈ ಎರಡನೇ ಚೀಟಿಯನ್ನು ಮಾತ್ರ ಮಿತವ್ಯಯದ ಹೆಸರಿನಲ್ಲಿ ಕತ್ತರಿಸಬಾರದು. ಶಸ್ತ್ರಚಿಕಿತ್ಸೆಯಾದ ಕಣ್ಣು ಮನೆಗೆ ಹೋದ ಮೇಲೆ ಕೆಂಪಾಗಿ ನೋಯತೊಡಗಿದರೆ ಹುಡುಕಿ ಹೋಗಲು ದಾರಿ ಇರಲೇಬೇಕು.

ಹೀಗೆ ಮೊದಲ ಮೇಜಿನ ಅರ್ಜಿ ಇಷ್ಟಕ್ಕೆ ಇಳಿಯಿತು:

ಟೋಕನ್ ಸಂಖ್ಯೆ (ಮೊದಲೇ ಅಚ್ಚಾಗಿರುತ್ತದೆ)
ಕೂಗಿದರೆ ಓಗೊಡುವ ಹೆಸರು
ಊರು
ನಲವತ್ತು ದಾಟಿದೆ / ದಾಟಿಲ್ಲ

ಸಮಯದ ಲೆಕ್ಕ ನೋಡಿ. ಹದಿನಾಲ್ಕು ಪ್ರಶ್ನೆಗೆ ಒಬ್ಬರಿಗೆ ಮೂರು ನಿಮಿಷ ಎಂದರೂ 200 ಜನರಿಗೆ ಒಂದು ಮೇಜಿನಲ್ಲಿ ಹತ್ತು ಗಂಟೆ. ಸಂಜೆಯಾದರೂ ಸಾಲು ಕರಗುವುದಿಲ್ಲ. ಈ ಮೂರು ಪ್ರಶ್ನೆಗೆ ಅರ್ಧ ನಿಮಿಷ ಹಿಡಿದರೆ ಎರಡು ಗಂಟೆಗೂ ಕಡಿಮೆ.

ಅಚ್ಚು ಹಾಕಿಸುವ ಮೊದಲು ಐದಾರು ಜನರ ಮೇಲೆ ಪ್ರಯೋಗಿಸಿ, ಶಿಬಿರ ಮುಗಿದ ಮೇಲೆ ತುಂಬಿದ ಹಾಳೆಗಳನ್ನು ತಿರುವಿ ನೋಡಿ. ಕೆಟ್ಟ ಪ್ರಶ್ನೆ ತನ್ನ ಗುರುತನ್ನು ತಾನೇ ಬಿಟ್ಟುಹೋಗಿರುತ್ತದೆ. ಜನವರಿ 1ರಂದೇ ಹುಟ್ಟಿದವರ ಸಾಲು, 9999999999 ಎಂಬ ಫೋನ್ ಸಂಖ್ಯೆ, ಎಲ್ಲರಿಗೂ ಒಂದೇ ಉತ್ತರ, ಸಾಲುಸಾಲಾಗಿ ಖಾಲಿ ಬಿಟ್ಟ ಗೂಡು ಕಂಡರೆ ಆ ಪ್ರಶ್ನೆಯನ್ನು ಜನರಾಗಲಿ ಬರೆಯುವವರಾಗಲಿ ಒಪ್ಪಿಲ್ಲ ಎಂದೇ ಅರ್ಥ.

ಬೇಕಾದಷ್ಟನ್ನೇ ಕೇಳಬೇಕು ಎಂದೇ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಹೇಳುತ್ತದೆ. ಒಪ್ಪಿಗೆ ಎನ್ನುವುದು ಹೇಳಿದ ಉದ್ದೇಶಕ್ಕೆ ಅಗತ್ಯವಾದ ಮಾಹಿತಿಗೆ ಮಾತ್ರ ಸಲ್ಲುತ್ತದೆ. ಕಾಯ್ದೆಯೇ ಒಂದು ಉದಾಹರಣೆ ಕೊಡುತ್ತದೆ: ಫೋನಿನಲ್ಲಿ ವೈದ್ಯರ ಸಲಹೆ ಕೊಡಿಸುವ ಆ್ಯಪ್ ಒಂದು ಬಳಕೆದಾರರ ಫೋನ್‌ಬುಕ್ಕನ್ನೂ ಕೇಳಿ, ಅವರು “ಸರಿ” ಎಂದರೂ ಆ ಒಪ್ಪಿಗೆ ಫೋನ್‌ಬುಕ್ಕಿಗೆ ಅನ್ವಯಿಸುವುದಿಲ್ಲ. ಬರೀ ಕಾಗದ ಈ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ, ಆದರೆ ಸಂಜೆ ಕೂತು ಅದನ್ನು ಎಕ್ಸೆಲ್‌ಗೆ ಏರಿಸಿದ ಗಳಿಗೆಯಿಂದ ಬರುತ್ತದೆ. ಹಾಳೆಯ ಫೋಟೊ ತೆಗೆದು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದರೆ ಅದು ಇನ್ನು ಯಾರ ಕೈಯಲ್ಲೂ ಇರುವುದಿಲ್ಲ.

ಹಾಗಾಗಿ ಹಾಳೆ ಎಷ್ಟು ದಿನ ಇರಬೇಕು ಎಂದು ಅರ್ಜಿ ಬರೆಯುವ ದಿನವೇ ತೀರ್ಮಾನಿಸಬೇಕು. ಮೊದಲ ಮೇಜಿನ ಹಾಳೆಯ ಕೆಲಸ ಅವತ್ತು ಸಂಜೆಗೇ ಮುಗಿಯುತ್ತದೆ. ಎರಡನೇ ಚೀಟಿಯ ಕೆಲಸ ಕೊನೆಯ ಕಣ್ಣಿನ ಮರುತಪಾಸಣೆ ಮುಗಿಯುವವರೆಗೆ. ಚೀಟಿಯ ಅಡಿಯಲ್ಲಿ ಕನ್ನಡ ಮತ್ತು ತೆಲುಗಿನಲ್ಲಿ ಒಂದು ಸಾಲು ಅಚ್ಚು ಹಾಕಿಸಿ, ಓದಲು ಬಾರದವರಿಗೆ ಓದಿ ಹೇಳಿ: “ನಿಮ್ಮ ಫೋನ್ ನಂಬರನ್ನು ಆಸ್ಪತ್ರೆಗೆ ಕರೆಸಲು ಮತ್ತು ಕಣ್ಣಿನ ಯೋಗಕ್ಷೇಮ ವಿಚಾರಿಸಲು ಮಾತ್ರ ಬರೆದುಕೊಂಡಿದ್ದೇವೆ. ಮರುತಪಾಸಣೆ ಮುಗಿದ ಮೇಲೆ ಈ ಚೀಟಿಯನ್ನು ಹರಿದು ಹಾಕುತ್ತೇವೆ.” ಆಮೇಲೆ, ಹೇಳಿದ ದಿನ, ಹರಿದು ಹಾಕಿ.