ದೇಹ ಕೈ ಬಿಗಿ ಹಿಡಿದಾಗ

2009ರಲ್ಲಿ ಅಮೆರಿಕದ ಎನ್‌ಬಿಸಿ ವಾಹಿನಿಯಲ್ಲಿ ‘ದ ಬಿಗ್ಗೆಸ್ಟ್ ಲೂಸರ್’ ಎಂಬ ತೂಕ ಇಳಿಸುವ ಸ್ಪರ್ಧೆಯ ಎಂಟನೇ ಆವೃತ್ತಿ ಪ್ರಸಾರವಾಯಿತು. ಸರಾಸರಿ 149 ಕಿಲೊ ತೂಗುತ್ತಿದ್ದ ಸ್ಪರ್ಧಿಗಳು ದಿನದಲ್ಲಿ ಗಂಟೆಗಟ್ಟಲೆ ಬೆವರು ಸುರಿಸಿದರು, ಊಟವನ್ನು ಕಡಿಮೆ ಮಾಡಿದರು. 30 ವಾರ ಕಳೆಯುವಷ್ಟರಲ್ಲಿ ಅವರ ಸರಾಸರಿ ತೂಕ 91 ಕಿಲೊಗೆ ಬಂದಿತ್ತು. ಆರು ವರ್ಷಗಳ ನಂತರ ಅವರಲ್ಲಿ 14 ಮಂದಿಯನ್ನು ಮತ್ತೆ ತೂಗಿ ನೋಡಿದಾಗ ಸರಾಸರಿ 132 ಕಿಲೊ. ಇಳಿದ 58 ಕಿಲೊದಲ್ಲಿ 41 ಕಿಲೊ ಮರಳಿ ಬಂದಿತ್ತು.

ತೂಕ ಮರಳಿ ಬರುವುದು ಹೊಸ ಸಂಗತಿಯಲ್ಲ. ಆದರೆ ಈ 14 ಮಂದಿಯನ್ನು ಪರೀಕ್ಷಿಸಿದ ಕೆವಿನ್ ಹಾಲ್ ಎಂಬ ವಿಜ್ಞಾನಿ ತೂಕದ ಜೊತೆಗೆ ಇನ್ನೊಂದನ್ನೂ ಅಳೆದಿದ್ದರು. ಏನೂ ಮಾಡದೆ ಸುಮ್ಮನೆ ಮಲಗಿದ್ದಾಗ ಅವರ ದೇಹ ದಿನಕ್ಕೆ ಎಷ್ಟು ಕ್ಯಾಲೊರಿ ಖರ್ಚು ಮಾಡುತ್ತದೆ ಎಂಬುದು ಆ ಅಳತೆ. ಉಸಿರಾಟ, ಹೃದಯದ ಬಡಿತ, ಮಿದುಳು, ಯಕೃತ್ತು, ಮೂತ್ರಪಿಂಡ, ಮೈಯ ಬಿಸಿ ಇವೆಲ್ಲಕ್ಕೆ ತಗಲುವ ಈ ಖರ್ಚಿಗೆ ವಿಶ್ರಾಂತ ಚಯಾಪಚಯ ಎನ್ನುತ್ತಾರೆ. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಮಲಗಿಸಿ, ತಲೆಯ ಮೇಲೆ ಪಾರದರ್ಶಕ ಗುಮ್ಮಟದಂಥ ಮುಸುಕು ಇಟ್ಟು, ಒಳಗೆ ಹೋದ ಆಮ್ಲಜನಕವನ್ನೂ ಹೊರಬಂದ ಇಂಗಾಲದ ಡೈಆಕ್ಸೈಡನ್ನೂ ಅಳೆದು ಇದನ್ನು ಲೆಕ್ಕ ಹಾಕುತ್ತಾರೆ.

ಸ್ಪರ್ಧೆಗೆ ಮೊದಲು ಈ ಖರ್ಚು ಸರಾಸರಿ 2607 ಕ್ಯಾಲೊರಿ ಇತ್ತು. 30 ವಾರದ ಕೊನೆಗೆ 1996ಕ್ಕೆ ಇಳಿಯಿತು. ಇಷ್ಟರಲ್ಲಿ ಅಚ್ಚರಿಯೇನಿಲ್ಲ. 58 ಕಿಲೊ ಕಳೆದುಕೊಂಡ ದೇಹ ಚಿಕ್ಕದು, ಚಿಕ್ಕ ಮನೆಗೆ ಬೆಳಕು ಕಡಿಮೆ ಸಾಕು. ಆದರೆ ಆರು ವರ್ಷಗಳ ಬಳಿಕ, ತೂಕದ ಬಹುಪಾಲು ಮರಳಿದ ಮೇಲೂ ಖರ್ಚು ಮೇಲೇರಲಿಲ್ಲ. 1903ರಲ್ಲಿಯೇ ಉಳಿದಿತ್ತು. ಅವರಷ್ಟೇ ಕೊಬ್ಬು, ಅವರಷ್ಟೇ ಸ್ನಾಯು, ಅವರದೇ ವಯಸ್ಸು ಇರುವವರ ದೇಹ 2400 ಕ್ಯಾಲೊರಿ ಖರ್ಚು ಮಾಡಬೇಕು ಎಂದು ಸೂತ್ರ ಹೇಳುತ್ತಿತ್ತು. ನಡುವೆ ಸುಮಾರು 500 ಕ್ಯಾಲೊರಿಯ ಕೊರತೆ.

ಈ ಕೊರತೆಗೇ ಚಯಾಪಚಯದ ಹೊಂದಾಣಿಕೆ ಎಂದು ಹೆಸರು. ಪದದ ಅರ್ಥ ಇಷ್ಟೇ, ಇದಕ್ಕಿಂತ ಹೆಚ್ಚಿಲ್ಲ. ತೂಕ ಇಳಿದಾಗ ಖರ್ಚು ಇಳಿಯುವುದು ಹೊಂದಾಣಿಕೆಯಲ್ಲ. ದೇಹದ ಗಾತ್ರ ಕುಗ್ಗಿದ್ದಕ್ಕೆ ಇಳಿಯಬೇಕಾದಷ್ಟು ಇಳಿದ ಮೇಲೆ, ಅದಕ್ಕಿಂತ ಕೆಳಗೆ ಇನ್ನಷ್ಟು ಇಳಿದರೆ ಆ ಹೆಚ್ಚುವರಿ ಪಾಲು ಮಾತ್ರ ಹೊಂದಾಣಿಕೆ. ಈ ಎರಡನ್ನು ಬೆರೆಸಿಬಿಟ್ಟದ್ದರಿಂದಲೇ ಡಯೆಟ್ ಕುರಿತ ಅರ್ಧದಷ್ಟು ಗೊಂದಲ ಹುಟ್ಟಿದೆ.

2016ರಲ್ಲಿ ಹಾಲ್ ಅವರ ಅಧ್ಯಯನ ಪ್ರಕಟವಾದಾಗ ಜಗತ್ತಿನ ಪತ್ರಿಕೆಗಳು ಒಂದೇ ತೀರ್ಮಾನಕ್ಕೆ ಬಂದವು: ಡಯೆಟ್ ಮಾಡಿದರೆ ಮೆಟಬಾಲಿಸಂ ಹಾಳಾಗುತ್ತದೆ, ಹಾಗಾಗಿ ತೂಕ ಮರಳುತ್ತದೆ. ಅದೇ ಅಧ್ಯಯನದಲ್ಲಿದ್ದ ಇನ್ನೊಂದು ಮಾತನ್ನು ಹೆಚ್ಚಿನವರು ಗಮನಿಸಲಿಲ್ಲ. ಆರು ವರ್ಷಗಳ ನಂತರ ಚಯಾಪಚಯ ಹೆಚ್ಚು ನಿಧಾನವಾಗಿದ್ದದ್ದು ತೂಕ ಮರಳಿ ಬಂದವರಲ್ಲಲ್ಲ. ಇಳಿಸಿದ ತೂಕವನ್ನು ಚೆನ್ನಾಗಿ ಉಳಿಸಿಕೊಂಡವರಲ್ಲಿ. ನಿಧಾನವಾದದ್ದೇ ತೂಕ ಮರಳಲು ಕಾರಣವಾಗಿದ್ದರೆ ಇದು ತಲೆಕೆಳಗಾಗಿ ಇರಬೇಕಿತ್ತು.

ಹಾಗಾದರೆ ಉಳಿಸಿಕೊಂಡವರು ಏನು ಮಾಡಿದ್ದರು? ಅದೇ ಗುಂಪಿನ ಮೇಲೆ 2017ರಲ್ಲಿ ಬಂದ ಇನ್ನೊಂದು ಪ್ರಬಂಧದಲ್ಲಿ ಉತ್ತರ ಇದೆ. ಅವರ ದೈಹಿಕ ಚಟುವಟಿಕೆ ಸ್ಪರ್ಧೆಗೆ ಮೊದಲಿದ್ದದ್ದಕ್ಕಿಂತ ಶೇ. 160ರಷ್ಟು ಹೆಚ್ಚಾಗಿತ್ತು. ತೂಕ ಮರಳಿ ಬಂದವರಲ್ಲಿ ಹೆಚ್ಚಾದದ್ದು ಶೇ. 34 ಮಾತ್ರ. 2022ರಲ್ಲಿ ಹಾಲ್ ತಮ್ಮ ಅಂಕಿಗಳನ್ನೇ ಮತ್ತೆ ತೆರೆದು ಓದಿ, ಬೇರೊಂದು ವಿವರಣೆ ಮುಂದಿಟ್ಟರು. ವರ್ಷಗಟ್ಟಲೆ ತೀವ್ರ ವ್ಯಾಯಾಮಕ್ಕೆ ಶಕ್ತಿ ಸುರಿಯುವ ದೇಹ ಉಳಿದ ಹೊತ್ತಿನಲ್ಲಿ, ಅಂದರೆ ವಿಶ್ರಾಂತಿಯಲ್ಲಿ, ಕೈ ಬಿಗಿ ಹಿಡಿಯುತ್ತದೆ. ಆ 500 ಕ್ಯಾಲೊರಿಯಲ್ಲಿ ಒಂದು ಪಾಲು ಈ ಉಳಿತಾಯವಾಗಿರಬಹುದು ಎಂದರು. ತಾವೇ ಲೋಕಕ್ಕೆ ಕೊಟ್ಟ ಅಂಕಿಯನ್ನು ತಾವೇ ಮರುಪರಿಶೀಲಿಸಿದ ಈ ನಡೆ ಮೆಚ್ಚತಕ್ಕದ್ದು.

ಈ ಕೈ ಬಿಗಿ ಹಿಡಿಯುವ ಆಜ್ಞೆ ಎಲ್ಲಿಂದ ಬರುತ್ತದೆ? ಬಹುಪಾಲು ಕೊಬ್ಬಿನಿಂದಲೇ. ಕೊಬ್ಬಿನ ಕೋಶಗಳು ಲೆಪ್ಟಿನ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತವೆ. ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದ ಜೆಫ್ರಿ ಫ್ರೀಡ್‌ಮನ್ ಮತ್ತು ಸಂಗಡಿಗರು 1994ರಲ್ಲಿ ಇದರ ಜೀನನ್ನು ಪತ್ತೆಹಚ್ಚಿದರು. ಕಣಜದಲ್ಲಿ ಎಷ್ಟು ದಾಸ್ತಾನಿದೆ ಎಂದು ಮಿದುಳಿಗೆ ವರದಿ ಒಪ್ಪಿಸುವುದು ಲೆಪ್ಟಿನ್ನಿನ ಕೆಲಸ. ದೂರದರ್ಶನದ ಆ ಸ್ಪರ್ಧಿಗಳ ರಕ್ತದಲ್ಲಿ ಲೆಪ್ಟಿನ್ ಮಟ್ಟ 30 ವಾರಗಳಲ್ಲಿ ಸುಮಾರು 16ರಲ್ಲಿ ಒಂದು ಪಾಲಿಗೆ ಕುಸಿದಿತ್ತು. ಮಿದುಳಿಗೆ ಇದು ಬರಗಾಲದ ಸುದ್ದಿ. ಆಗ ಅದು ಥೈರಾಯ್ಡಿನ ಸಕ್ರಿಯ ಹಾರ್ಮೋನಾದ ಟಿ3ಯನ್ನು ತಗ್ಗಿಸುತ್ತದೆ, ಹೃದಯ ಬಡಿತ ನಿಧಾನವಾಗುತ್ತದೆ, ಕೈಕಾಲು ತಣ್ಣಗಾಗುತ್ತವೆ. ಸ್ನಾಯುಗಳೂ ಮಿತವ್ಯಯ ಕಲಿಯುತ್ತವೆ: ಮೊದಲಿನಷ್ಟೇ ದೂರ ನಡೆದರೂ ಮೊದಲಿನಷ್ಟು ಕ್ಯಾಲೊರಿ ಸುಡುವುದಿಲ್ಲ. ಕೊಲಂಬಿಯಾ ವಿಶ್ವವಿದ್ಯಾಲಯದ ಮೈಕೆಲ್ ರೋಸೆನ್‌ಬಾಮ್ ಮತ್ತು ರುಡಾಲ್ಫ್ ಲೀಬೆಲ್ ಇದನ್ನು ಪರೀಕ್ಷೆಯಿಂದಲೇ ತೋರಿಸಿದರು. ಶೇ. 10ರಷ್ಟು ತೂಕ ಇಳಿಸಿಕೊಂಡವರಿಗೆ, ಕಳೆದುಕೊಂಡಷ್ಟು ಲೆಪ್ಟಿನ್ನನ್ನು ಚುಚ್ಚುಮದ್ದಿನಲ್ಲಿ ತುಂಬಿಕೊಟ್ಟಾಗ ಥೈರಾಯ್ಡ್ ಹಾರ್ಮೋನು ಮತ್ತು ಸ್ನಾಯುವಿನ ಖರ್ಚು ಹಳೆಯ ಮಟ್ಟದತ್ತ ಮರಳಿದವು. ಹಾಳಾದ ಯಂತ್ರ ಹೀಗೆ ಸರಿಯಾಗುವುದಿಲ್ಲ. ಇದು ಕೆಟ್ಟುಹೋದದ್ದಲ್ಲ, ಸುದ್ದಿ ಕೇಳಿ ಎಚ್ಚರಗೊಂಡದ್ದು.

ಇನ್ನು ಪ್ರಮಾಣದ ಮಾತು. ಏಳು ತಿಂಗಳಲ್ಲಿ 58 ಕಿಲೊ ಇಳಿಸುವುದು ಯಾರ ಬದುಕಿನಲ್ಲೂ ನಡೆಯುವ ಮಾಮೂಲು ಘಟನೆಯಲ್ಲ. ಸಾಮಾನ್ಯ ಡಯೆಟ್ಟಿನ ಕತೆ ತಿಳಿಯಲು ಕ್ಯಾಟಿಯಾ ಮಾರ್ಟಿನ್ಸ್ ಎಂಬ ಸಂಶೋಧಕಿಯ ತಂಡ 2020ರಲ್ಲಿ ಪ್ರಕಟಿಸಿದ ಅಧ್ಯಯನ ಹೆಚ್ಚು ನೆರವಾಗುತ್ತದೆ. ಸರಾಸರಿ 12 ಕಿಲೊ ಇಳಿಸಿದ 171 ಮಹಿಳೆಯರ ಅಳತೆ ಅದರಲ್ಲಿದೆ. ತೂಕ ಇಳಿಯುತ್ತಿರುವಾಗಲೇ ಅಳೆಯದೆ, ನಾಲ್ಕು ವಾರ ತೂಕವನ್ನು ಒಂದೇ ಕಡೆ ನಿಲ್ಲಿಸಿ ಆಮೇಲೆ ಅಳೆದರು. ಸಿಕ್ಕ ಹೊಂದಾಣಿಕೆ ದಿನಕ್ಕೆ ಸರಾಸರಿ 54 ಕ್ಯಾಲೊರಿ, ಅರ್ಧ ಬಾಳೆಹಣ್ಣಿನಷ್ಟು. ಯಾರಿಗೆ ಎಷ್ಟು ತೂಕ ಮರಳಿ ಬಂತು ಎಂಬುದಕ್ಕೂ ಈ ಅಂಕಿಗೂ ನಂಟು ಕಾಣಲಿಲ್ಲ. ಊಟ ಕಡಿತ ನಡೆಯುತ್ತಿರುವಾಗ ಹೊಂದಾಣಿಕೆ ದೊಡ್ಡದಾಗಿ ಕಾಣುತ್ತದೆ, ಕಡಿತ ನಿಂತಾಗ ಬಹುಪಾಲು ಸಡಿಲವಾಗುತ್ತದೆ.

ಹಾಗಿದ್ದರೆ ಮೂರು ನಾಲ್ಕು ತಿಂಗಳಲ್ಲಿ ತೂಕ ಅಲುಗಾಡದೆ ನಿಲ್ಲುವುದೇಕೆ? ಒಂದು ಕಲ್ಪಿತ ಲೆಕ್ಕ ಹಾಕಿ ನೋಡಬಹುದು. 85 ಕಿಲೊ ತೂಗುವ ಒಬ್ಬ ಮಹಿಳೆ ದಿನಕ್ಕೆ ಒಟ್ಟು 2200 ಕ್ಯಾಲೊರಿ ಖರ್ಚು ಮಾಡುತ್ತಾರೆ, 1700 ತಿನ್ನಲು ಶುರು ಮಾಡುತ್ತಾರೆ ಎಂದುಕೊಳ್ಳಿ. ಕೊರತೆ 500. ಒಂದು ಕಿಲೊ ಕೊಬ್ಬಿಗೆ ಸುಮಾರು 7700 ಕ್ಯಾಲೊರಿಯಂತೆ ತಿಂಗಳಿಗೆ ಎರಡು ಕಿಲೊ ಇಳಿಯುತ್ತದೆ. ಇಳಿದ ಪ್ರತಿ ಕಿಲೊಗೆ ದಿನದ ಒಟ್ಟು ಖರ್ಚು 20ರಿಂದ 30 ಕ್ಯಾಲೊರಿ ತಗ್ಗುತ್ತದೆ. ಗಾತ್ರ ಕುಗ್ಗಿದ್ದು, ಹೊಂದಾಣಿಕೆ ಎರಡೂ ಇದರಲ್ಲಿ ಸೇರಿವೆ. ಹತ್ತು ಕಿಲೊ ಇಳಿದಾಗ ಖರ್ಚು 1950ಕ್ಕೆ ಬಂದಿರುತ್ತದೆ. ಊಟ ಅದೇ 1700. ಕೊರತೆ ಈಗ 250 ಮಾತ್ರ. ತಿಂಗಳಿಗೆ ಎರಡು ಕಿಲೊ ಇಳಿಯುತ್ತಿದ್ದದ್ದು ಒಂದಕ್ಕೆ ಬಂತು. ಆ ಒಂದು ಕಿಲೊ ಉಪ್ಪು ಹೆಚ್ಚು ತಿಂದ ವಾರದಲ್ಲೋ ಮುಟ್ಟಿನ ಮುಂಚಿನ ದಿನಗಳಲ್ಲೋ ಮೈಯಲ್ಲಿ ನಿಂತ ನೀರಿನ ಹಿಂದೆ ಅಡಗಿಕೊಳ್ಳುತ್ತದೆ. ತಕ್ಕಡಿ ಅದನ್ನು ತೋರಿಸುವುದೇ ಇಲ್ಲ.

ಇದರ ಜೊತೆಗೆ ಹಸಿವು ಸೇರುತ್ತದೆ, ನಿಜವಾದ ಬಲ ಇರುವುದು ಇದಕ್ಕೇ. ಮಧುಮೇಹಕ್ಕೆ ಕೊಡುವ ಒಂದು ಬಗೆಯ ಮಾತ್ರೆ ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕಿಸುತ್ತದೆ. ಅದನ್ನು ನುಂಗಿದವರಿಗೆ ತಮ್ಮ ದೇಹದಿಂದ ದಿನವೂ ಕ್ಯಾಲೊರಿ ಸೋರುತ್ತಿದೆ ಎಂಬುದು ಅರಿವಿಗೆ ಬರುವುದಿಲ್ಲ. ಅವರ ತೂಕ ಹೇಗೆ ಇಳಿದು ನಿಂತಿತು ಎಂಬುದನ್ನು ಹಿಡಿದು ಹಾಲ್ ಅವರ ತಂಡ 2016ರಲ್ಲಿ ಲೆಕ್ಕ ತೆಗೆಯಿತು. ಇಳಿದ ಪ್ರತಿ ಕಿಲೊಗೆ ಅವರ ಹಸಿವು ದಿನಕ್ಕೆ ಸುಮಾರು 100 ಕ್ಯಾಲೊರಿಯಷ್ಟು ಏರಿತ್ತು. ಖರ್ಚು ತಗ್ಗುವುದು ಕಿಲೊಗೆ 20-30, ಹಸಿವು ಏರುವುದು 100. ಮೆಟಬಾಲಿಸಂ ಮೇಲೆ ಹೊರಿಸುವ ತಪ್ಪಿನ ಬಹುಪಾಲು ಹಸಿವಿನದು.

ಈ ಹಸಿವು ಜೋರಾಗಿ ಕೂಗುವುದೂ ಇಲ್ಲ. ಒಗ್ಗರಣೆಗೆ ಎಣ್ಣೆ ಸುರಿಯುವ ಕೈ ಸ್ವಲ್ಪ ಧಾರಾಳವಾಗುತ್ತದೆ, ಮಗು ತಟ್ಟೆಯಲ್ಲಿ ಬಿಟ್ಟ ತುತ್ತು ಬಾಯಿಗೆ ಬರುತ್ತದೆ. ಒಂದು ದೊಡ್ಡ ಚಮಚ ಎಣ್ಣೆಯಲ್ಲಿ 120 ಕ್ಯಾಲೊರಿ ಇದೆ. ಎರಡು ಚಮಚ ಹೆಚ್ಚಾದರೆ ಮೇಲಿನ ಲೆಕ್ಕದ 250ರ ಕೊರತೆ ಅಲ್ಲಿಗೆ ಮುಗಿಯಿತು. 1992ರಲ್ಲಿ ನ್ಯೂಯಾರ್ಕಿನ ವೈದ್ಯರು, 1200 ಕ್ಯಾಲೊರಿಗಿಂತ ಕಡಿಮೆ ತಿಂದರೂ ತೂಕ ಇಳಿಯುತ್ತಿಲ್ಲ ಎನ್ನುತ್ತಿದ್ದ ಹತ್ತು ಮಂದಿಯನ್ನು ನಿಖರವಾದ ವಿಧಾನದಿಂದ ಪರೀಕ್ಷಿಸಿದರು. ಅವರ ಚಯಾಪಚಯ ಇರಬೇಕಾದಷ್ಟೇ ಇತ್ತು. ತಿಂದದ್ದನ್ನು ಅವರು ಶೇ. 47ರಷ್ಟು ಕಡಿಮೆಯಾಗಿ ಬರೆದುಕೊಂಡಿದ್ದರು. ಅವರನ್ನು ಸುಳ್ಳುಗಾರರೆಂದು ಕರೆಯುವುದು ಅನ್ಯಾಯ. ಹಸಿದ ಮನುಷ್ಯನ ಕಣ್ಣಳತೆ ಹಾಗೆಯೇ ಇರುತ್ತದೆ.

ಆದ್ದರಿಂದ ತೂಕ ನಿಂತಿತೆಂದು ಊಟವನ್ನು ಇನ್ನೂ ಅರ್ಧ ಮಾಡಬೇಡಿ. ಒಂದು ವಾರದ ಅಂಕಿ ನೋಡಿ ಗಾಬರಿಯಾಗದೆ ನಾಲ್ಕು ವಾರಗಳ ಸರಾಸರಿ ನೋಡಿ. ನಿಜಕ್ಕೂ ನಿಂತಿದ್ದರೆ ಒಂದು ವಾರ ಎಣ್ಣೆ, ತುಪ್ಪ, ಅಕ್ಕಿ, ಕಡಲೆಕಾಯಿಯನ್ನು ತೂಗಿಯೇ ಬಳಸಿ, ಕಣ್ಣಳತೆ ಬಿಡಿ. ಲೆಕ್ಕ ಸರಿಯಿದ್ದೂ ನಿಂತಿದ್ದರೆ ಕೆಲವು ವಾರ ಆ ತೂಕವನ್ನು ಕಾಪಾಡುವಷ್ಟು ತಿಂದು ದೇಹಕ್ಕೆ ಬಿಡುವು ಕೊಡಿ. ಸದಾ ಚಳಿಯಾಗುತ್ತಿದ್ದರೆ, ತಲೆ ಸುತ್ತಿದರೆ, ಕೂದಲು ಉದುರುತ್ತಿದ್ದರೆ, ಮುಟ್ಟು ನಿಂತಿದ್ದರೆ ಕಡಿತ ಅತಿಯಾಗಿರಬಹುದು, ಇಲ್ಲವೇ ಥೈರಾಯ್ಡಿನ ತೊಂದರೆ ಇರಬಹುದು. ಆಗ ಡಯೆಟ್ ನಿಲ್ಲಿಸಿ, ವೈದ್ಯರಲ್ಲಿಗೆ ಹೋಗಿ ರಕ್ತ ಪರೀಕ್ಷೆ ಮಾಡಿಸಿ.